ಅಮಾನತಿನಲ್ಲಿಟ್ಟು ಭತ್ಯೆ ನಿಲ್ಲಿಸಿ ವಿಚಾರಣೆ ನಡೆಸಿದರೆ ಏನು ಮಾಡಬೇಕು?

ಪ್ರಶ್ನೆ: ನಾನು ಮುಧೋಳ ತಾಲ್ಲೂಕಿನ ಒಂದು ಖಾಸಗಿ ಸಕ್ಕರೆ ಕಾರ್ಖಾನೆಯಲ್ಲಿ ಕಾಯಂ ಎಲೆಕ್ಟ್ರಿಷಿಯನ್. ಮೂಲ ವೇತನ 10,000, ತುಟ್ಟಿಭತ್ಯೆ 7,000, ಮನೆ ಬಾಡಿಗೆ ಭತ್ಯೆ 3,000 ರೂಪಾಯಿ. 2025ರ ಮಾರ್ಚ್ 3ರಂದು ಅಮಾನತು ಮಾಡಿದರು. ಮೂರು ತಿಂಗಳು ಜೀವನಾಧಾರ ಭತ್ಯೆಯೆಂದು 5,000 ರೂಪಾಯಿಯಂತೆ ಕೊಟ್ಟು, ದಿನಾಲೂ ಗೇಟಿಗೆ ಬಂದು ಸಹಿ ಮಾಡುತ್ತಿಲ್ಲ ಎಂದು ಜೂನ್‌ನಿಂದ ನಿಲ್ಲಿಸಿದ್ದಾರೆ. ಈಗ ಡಿಸೆಂಬರ್. ವಿಚಾರಣೆ ಬೆಳಗಾವಿಯ ಒಬ್ಬ ವಕೀಲರ ಕಚೇರಿಯಲ್ಲಿ ನಡೆಯುತ್ತಿದೆ. ಹೋಗಿಬರಲು ದುಡ್ಡಿಲ್ಲದೆ ಎರಡು ಸಲ ಹೋಗಲಿಲ್ಲ. ಮುಂದೇನು ಮಾಡಲಿ?

ಉತ್ತರ: ಮುಂದಿನ ತಾರೀಖಿಗೆ ಮೊದಲು ವಿಚಾರಣಾಧಿಕಾರಿಗೂ ಕಾರ್ಖಾನೆಯ ಆಡಳಿತ ವರ್ಗಕ್ಕೂ ಒಂದು ಪತ್ರ ತಲುಪಬೇಕು. ಭತ್ಯೆ ಬಾರದ ಕಾರಣದಿಂದಲೇ ತಾವು ಬೆಳಗಾವಿಗೆ ಬರಲು ಆಗುತ್ತಿಲ್ಲ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ನಾನು ಬೆಳಗಾವಿಯಲ್ಲಿ ಹಲವು ವರ್ಷ ಕಾರ್ಮಿಕ ಸಂಘದ ಪರವಾಗಿ ಇಂತಹ ವಿಚಾರಣೆಗಳಲ್ಲಿ ನೌಕರರ ಪಕ್ಕದಲ್ಲಿ ಕುಳಿತವನು. ನಿಮ್ಮ ಬರವಣಿಗೆಯಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ನಿಂತುಹೋದ ಹಣವಲ್ಲ, ಏಕೆಂದರೆ ಅದನ್ನು ತಡವಾಗಿಯಾದರೂ ವಸೂಲು ಮಾಡಬಹುದು. ಆ ಎರಡು ಗೈರುಹಾಜರಿಗಳಿಗೆ ನಿಮ್ಮ ಕಡೆಯಿಂದ ಕಾಗದದ ಮೇಲೆ ಯಾವ ಕಾರಣವೂ ದಾಖಲಾಗಿಲ್ಲದಿರುವುದೇ ದೊಡ್ಡ ಕಳವಳ.

ವಿಚಾರಣೆಯ ನಡಾವಳಿ ಹಾಳೆಯಲ್ಲಿ ಆ ಎರಡು ದಿನಗಳಿಗೆ ಎದುರಾಗಿ ಸಾಮಾನ್ಯವಾಗಿ ಹೀಗೆ ಬರೆದಿರುತ್ತಾರೆ: ‘ಆಪಾದಿತ ನೌಕರರು ನೋಟಿಸು ತಲುಪಿದ್ದರೂ ಗೈರುಹಾಜರು. ಕಾರಣ ತಿಳಿಸಿರುವುದಿಲ್ಲ. ವಿಚಾರಣೆಯನ್ನು ಏಕಪಕ್ಷೀಯವಾಗಿ ಮುಂದುವರಿಸಲಾಗಿದೆ.’ ಇದರಲ್ಲಿ ‘ಕಾರಣ ತಿಳಿಸಿರುವುದಿಲ್ಲ’ ಎಂಬ ಮಾತೇ ನಿಮ್ಮನ್ನು ಮುಂದೆ ಕಟ್ಟಿಹಾಕುವುದು. ಉದ್ಯಮಬಾಗದ ಒಂದು ಫೌಂಡ್ರಿಯ ಕಾರ್ಮಿಕರೊಬ್ಬರಿಗೆ ಇದೇ ಆಯಿತು. ಅವರಿಗೆ ತಿಂಗಳುಗಟ್ಟಲೆ ಭತ್ಯೆ ಬಂದಿರಲಿಲ್ಲ ಎಂಬುದನ್ನು ಬ್ಯಾಂಕಿನ ಪಾಸ್‌ಬುಕ್ಕೇ ಹೇಳುತ್ತಿತ್ತು. ಆದರೆ ವಜಾ ಆದೇಶವನ್ನು ಪ್ರಶ್ನಿಸಿದಾಗ ಎದುರು ಪಕ್ಷದ ವಕೀಲರು ಕೇಳಿದ್ದು ಒಂದೇ ಪ್ರಶ್ನೆ: ಹಣವಿಲ್ಲದ್ದರಿಂದ ಬರಲಾಗಲಿಲ್ಲ ಎಂದು ಆಗ ಎಲ್ಲಿ ಬರೆದಿದ್ದೀರಿ? ತೋರಿಸಲು ಒಂದು ಪೋಸ್ಟ್‌ಕಾರ್ಡೂ ಇರಲಿಲ್ಲ.

ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ನಿಮಗೆ ತಿಳಿದಿರಬೇಕು. ಮೊದಲನೆಯದು 1973ರ ಘನಶ್ಯಾಮ ದಾಸ್ ಶ್ರೀವಾಸ್ತವ ಪ್ರಕರಣ. ಮಧ್ಯಪ್ರದೇಶದ ಅರಣ್ಯ ಇಲಾಖೆಯ ಆ ನೌಕರರು ಇದ್ದದ್ದು ರೀವಾದಲ್ಲಿ, ವಿಚಾರಣೆ ನಡೆದದ್ದು ಬಹಳ ದೂರದ ಜಗದಲ್ಪುರದಲ್ಲಿ. ಭತ್ಯೆ ಬಾರದೆ ಬರಲು ಸಾಧ್ಯವಿಲ್ಲವೆಂದು ಅವರು ಮೊದಲೇ ಬರೆದು ತಿಳಿಸಿದ್ದರು, ಆದರೂ ಸಾಕ್ಷಿಗಳ ವಿಚಾರಣೆ ನಡೆಯಿತು. ತನ್ನನ್ನು ಸಮರ್ಥಿಸಿಕೊಳ್ಳುವ ಅವಕಾಶವೇ ಅವರಿಗೆ ಸಿಗಲಿಲ್ಲವೆಂದು ನ್ಯಾಯಾಲಯ ಆ ವಿಚಾರಣೆಯನ್ನು ಒಪ್ಪಲಿಲ್ಲ. ಎರಡನೆಯದು ನಮ್ಮ ರಾಜ್ಯದ್ದೇ, ಕೋಲಾರ ಚಿನ್ನದ ಗಣಿಯ ಭದ್ರತಾ ಅಧಿಕಾರಿಯಾಗಿದ್ದ ಕ್ಯಾಪ್ಟನ್ ಎಂ. ಪಾಲ್ ಆಂಟನಿ ಅವರ ಪ್ರಕರಣ. ಅಮಾನತಿನ ಅವಧಿಯಲ್ಲಿ ಭತ್ಯೆ ದೊರೆಯದೆ ಅವರು ಕೇರಳದ ತಮ್ಮ ಮನೆಯಿಂದ ವಿಚಾರಣೆಗೆ ಬರಲಾಗಲಿಲ್ಲ, ವಿಚಾರಣೆ ಏಕಪಕ್ಷೀಯವಾಗಿ ಮುಗಿದು ಅವರು ವಜಾಗೊಂಡರು. 1999ರಲ್ಲಿ ಸುಪ್ರೀಂ ಕೋರ್ಟು ಆ ವಜಾ ಆದೇಶವನ್ನು ಉಳಿಸಲಿಲ್ಲ. ಅಮಾನತಿನಲ್ಲಿದ್ದರೂ ನೌಕರ ನೌಕರನೇ, ಮಾಲೀಕ–ನೌಕರ ಸಂಬಂಧ ಕಡಿದುಹೋಗುವುದಿಲ್ಲ, ಆದ್ದರಿಂದ ಈ ಭತ್ಯೆ ಯಾರ ದಯೆಯ ದಾನವೂ ಅಲ್ಲ ಎಂಬುದು ಈ ತೀರ್ಪುಗಳ ತಿರುಳು.

ಆದರೆ ಇವನ್ನು ನಂಬಿ ಮನೆಯಲ್ಲಿ ಕುಳಿತರೆ ಕೆಟ್ಟಿರಿ. ಭತ್ಯೆ ಕೊಡದ ಮಾತ್ರಕ್ಕೆ ವಿಚಾರಣೆ ತನ್ನಿಂದ ತಾನೇ ರದ್ದಾಗುವುದಿಲ್ಲ, ಅದರಿಂದ ನಿಮ್ಮ ಸಮರ್ಥನೆಗೆ ನಿಜವಾಗಿ ಬಾಧೆಯಾಯಿತೆಂದು ನೀವೇ ತೋರಿಸಬೇಕು ಎಂದು ಅದೇ ನ್ಯಾಯಾಲಯ ನಂತರದ ತೀರ್ಪುಗಳಲ್ಲಿ ಹೇಳಿದೆ. ಬಾಧೆಯನ್ನು ತೋರಿಸುವುದು ಆಯಾ ದಿನದಂದೇ ಬರೆದ ಪತ್ರ. ವರ್ಷಗಳ ನಂತರ ನ್ಯಾಯಾಲಯದಲ್ಲಿ ಹೇಳುವ ಮಾತಿಗೆ ಆ ತೂಕ ಬರುವುದಿಲ್ಲ. ಇನ್ನೊಂದು ಮಿತಿಯೂ ಇದೆ. ವಿಚಾರಣೆ ದೋಷಪೂರಿತವೆಂದು ತೀರ್ಮಾನವಾದರೂ, ಆರೋಪವನ್ನು ಹೊಸದಾಗಿ ಸಾಬೀತುಪಡಿಸಲು ಮಾಲೀಕರು ಕಾರ್ಮಿಕ ನ್ಯಾಯಾಲಯದ ಮುಂದೆ ಅವಕಾಶ ಕೇಳಬಹುದು. ಆದ್ದರಿಂದ ಗೈರಾಗಿ ಉಳಿಯುವುದನ್ನು ಒಂದು ಉಪಾಯವೆಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಇನ್ನು ಲೆಕ್ಕದ ವಿಷಯ. ನಿಮಗೆ ಕೊಟ್ಟ 5,000 ರೂಪಾಯಿ ಮೂಲ ವೇತನದ ಅರ್ಧ, ಕಾರ್ಖಾನೆಗಳ ಲೆಕ್ಕಪತ್ರ ವಿಭಾಗದಲ್ಲಿ ಪದೇ ಪದೇ ಕಾಣುವ ತಪ್ಪು ಇದು. ನಿಮ್ಮನ್ನು ಅಮಾನತು ಮಾಡಿದಾಗ ಜಾರಿಯಲ್ಲಿದ್ದ 1946ರ ಸ್ಥಾಯೀ ಆದೇಶಗಳ, ಅಂದರೆ ಕಾರ್ಖಾನೆಯ ಸೇವಾ ನಿಯಮಗಳ ಕಾಯ್ದೆಯ 10ಎ ಕಲಮಿನ ಪ್ರಕಾರ, ಅಮಾನತಿಗೆ ನಿಕಟಪೂರ್ವದಲ್ಲಿ ನೀವು ಅರ್ಹರಾಗಿದ್ದ ವೇತನದ ಅರ್ಧವನ್ನು ಮೊದಲ 90 ದಿನ ಕೊಡಬೇಕು. ವೇತನವೆಂದರೆ ಅಲ್ಲಿ ಮೂಲ ವೇತನ ಮಾತ್ರವಲ್ಲ, ತುಟ್ಟಿಭತ್ಯೆ ಮತ್ತು ನೀವು ಪಡೆಯುತ್ತಿದ್ದ ಇತರ ಭತ್ಯೆಗಳೂ ಸೇರುತ್ತವೆ. ಬೋನಸ್, ಭವಿಷ್ಯ ನಿಧಿಗೆ ಮಾಲೀಕರು ಕಟ್ಟುವ ಪಾಲು, ಗ್ರಾಚ್ಯುಟಿ ಸೇರುವುದಿಲ್ಲ. ಹಾಗಾದರೆ ನಿಮ್ಮ ಲೆಕ್ಕ 20,000ದಿಂದ ಶುರುವಾಗಬೇಕು, ಅರ್ಧವೆಂದರೆ 10,000. ಮಾರ್ಚ್ 3ರಿಂದ ಎಣಿಸಿದರೆ 90ನೆಯ ದಿನ ಮೇ 31ಕ್ಕೆ ಬೀಳುತ್ತದೆ. ಮಾರ್ಚಿನ 29 ದಿನಗಳಿಗೆ 9,355, ಏಪ್ರಿಲ್ ಮತ್ತು ಮೇಗೆ ತಲಾ 10,000, ಒಟ್ಟು 29,355 ರೂಪಾಯಿ. ನಿಮ್ಮ ಕೈಗೆ ಬಂದದ್ದು 15,000. ಅಂದರೆ ಅವರು ‘ಕೊಟ್ಟೆವು’ ಎನ್ನುವ ತಿಂಗಳುಗಳಲ್ಲಿಯೇ 14,355 ರೂಪಾಯಿ ಬಾಕಿ ಇದೆ.

90 ದಿನ ಮೀರಿದ ಮೇಲೆ, ವಿಳಂಬಕ್ಕೆ ನಿಮ್ಮ ನಡವಳಿಕೆಯೇ ನೇರ ಕಾರಣವಾಗಿರದಿದ್ದರೆ, ಭತ್ಯೆ ಶೇ 75ಕ್ಕೆ ಏರುತ್ತದೆ. ಜೂನ್ 1ರಿಂದ ತಿಂಗಳಿಗೆ 15,000 ಬರಬೇಕಿತ್ತು, ಅವರು ಸರಿಯಾಗಿ ಆ ದಿನದಿಂದಲೇ ನಿಲ್ಲಿಸಿದ್ದಾರೆ. ನಮ್ಮ ರಾಜ್ಯದ 1988ರ ಜೀವನಾಧಾರ ಭತ್ಯೆ ಪಾವತಿ ಕಾಯ್ದೆ ಇನ್ನೂ ಒಂದು ಮೆಟ್ಟಿಲು ಮೇಲೆ ಹೋಗಿ, ಅಮಾನತು 180 ದಿನ ದಾಟಿದರೆ ಶೇ 90 ಕೊಡಬೇಕೆನ್ನುತ್ತದೆ, ಮತ್ತು ರಾಜ್ಯದ ಕಾನೂನು ನೌಕರನಿಗೆ ಹೆಚ್ಚು ಅನುಕೂಲವಾಗಿದ್ದರೆ ಅದೇ ಅನ್ವಯಿಸಬೇಕೆಂದು 10ಎ ಕಲಮೇ ಹೇಳಿತ್ತು. ನಿಮ್ಮ 180ನೆಯ ದಿನ ಆಗಸ್ಟ್ 29. ಅಲ್ಲಿಂದಾಚೆಗೆ ತಿಂಗಳಿಗೆ 18,000 ರೂಪಾಯಿಯಂತೆ ಕೇಳಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯೂ 50 ಮತ್ತು 75ರ ದರಗಳನ್ನು ತನ್ನ 38ನೇ ಕಲಮಿನಲ್ಲಿ ಉಳಿಸಿಕೊಂಡಿದೆ. ಅಮಾನತಾದ ದಿನದಿಂದ ಸಾಮಾನ್ಯವಾಗಿ 90 ದಿನಗಳೊಳಗೆ ವಿಚಾರಣೆ ಮುಗಿಯಬೇಕೆಂದೂ ಅದು ಹೇಳುತ್ತದೆ.

‘ವಿಳಂಬಕ್ಕೆ ನೌಕರನೇ ಕಾರಣ’ ಎಂಬ ಆ ಷರತ್ತನ್ನು ಹಗುರವಾಗಿ ಕಾಣಬೇಡಿ. ನೀವು ಕಾರಣ ಹೇಳದೆ ಎರಡು ಸಲ ಗೈರಾಗಿರುವುದನ್ನು ಹಿಡಿದು, ವಿಚಾರಣೆ ನಿಂತದ್ದು ನಿಮ್ಮಿಂದಲೇ, ಆದ್ದರಿಂದ ಅರ್ಧಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು ವಾದಿಸುವ ಸಾಧ್ಯತೆ ಖಂಡಿತ ಇದೆ. ಹಣ ನಿಲ್ಲಿಸಿದ್ದು ಮೊದಲು, ಗೈರಾದದ್ದು ನಂತರ ಎಂಬ ಕ್ರಮವನ್ನು ತಾರೀಖುಗಳ ಸಮೇತ ನಿಮ್ಮ ಪತ್ರದಲ್ಲಿ ತೋರಿಸಿದರೆ ಆ ವಾದಕ್ಕೆ ನೆಲೆ ಉಳಿಯುವುದಿಲ್ಲ.

ಗೇಟಿನಲ್ಲಿ ಸಹಿ ಮಾಡುವ ಷರತ್ತಿನ ಬಗ್ಗೆ ಹೇಳುವುದಾದರೆ, ಮೊದಲು ನಿಮ್ಮ ಕಾರ್ಖಾನೆಯ ಪ್ರಮಾಣೀಕೃತ ಸ್ಥಾಯೀ ಆದೇಶಗಳನ್ನು ಓದಿ. ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ, ಕಾರ್ಮಿಕರು ಒಳಬರುವ ದ್ವಾರದ ಬಳಿ ಅವನ್ನು ಹಚ್ಚಿರಬೇಕೆಂದು 1946ರ ಕಾಯ್ದೆಯೇ ಹೇಳಿತ್ತು. ಅಂಥ ಷರತ್ತು ಅಲ್ಲಿ ಇಲ್ಲದಿದ್ದರೆ, ವ್ಯವಸ್ಥಾಪಕರು ಒಂದು ಪತ್ರ ಬರೆದ ಮಾತ್ರಕ್ಕೆ ಅದು ಹುಟ್ಟಿಕೊಳ್ಳುವುದಿಲ್ಲ. ಕೆಲಸವನ್ನೇ ಕೊಡದೆ ಹೊರಗಿಟ್ಟವರನ್ನು ದಿನಾಲೂ ಬಂದು ನಿಲ್ಲಿ ಎನ್ನುವುದು ನ್ಯಾಯವೂ ಅಲ್ಲ. ಅವರು ನ್ಯಾಯವಾಗಿ ಕೇಳಬಹುದಾದದ್ದು, ಬೇರೆಲ್ಲಿಯೂ ಉದ್ಯೋಗದಲ್ಲಿ ಇಲ್ಲವೆಂಬ ಲಿಖಿತ ಘೋಷಣೆಯನ್ನು. ಅದನ್ನು ಅವರು ಕೇಳುವ ಮೊದಲೇ ಪ್ರತಿ ತಿಂಗಳೂ ಕಳುಹಿಸಿ. ಮನೆಯ ಹೊಲದಲ್ಲಿ ಕಬ್ಬಿನ ಕೆಲಸಕ್ಕೆ ಕೈಹಾಕುತ್ತಿದ್ದರೆ ಅದನ್ನೂ ಇದ್ದಂತೆಯೇ ಬರೆಯಿರಿ, ಮುಚ್ಚಿಟ್ಟದ್ದು ಮುಂದೆ ಪಾಟೀ ಸವಾಲಿನಲ್ಲಿ ಹೊರಬಂದರೆ ನಿಮ್ಮ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ.

ಪತ್ರ ಒಂದೇ ಪುಟದಲ್ಲಿರಲಿ. ಆರೋಪದ ಬಗ್ಗೆ ಅದರಲ್ಲಿ ವಾದಿಸಬೇಡಿ. ನಾನಾದರೆ ಹೀಗೆ ಬರೆಸುತ್ತೇನೆ: ‘ನನ್ನನ್ನು 3–3–2025ರಂದು ಅಮಾನತಿನಲ್ಲಿ ಇಡಲಾಗಿದೆ. ಮೇ ತಿಂಗಳವರೆಗೆ ಭತ್ಯೆಯನ್ನು ಕಡಿಮೆ ಲೆಕ್ಕದಲ್ಲಿ ಕೊಟ್ಟು, ಜೂನ್‌ನಿಂದ ಪೂರ್ಣವಾಗಿ ನಿಲ್ಲಿಸಲಾಗಿದೆ. ನನಗೆ ಬೇರೆ ವರಮಾನವಿಲ್ಲ. ಮುಧೋಳದಿಂದ ಬೆಳಗಾವಿಗೆ ಬಂದುಹೋಗುವ ಹಾಗೂ ನನಗೆ ಸಹಾಯ ಮಾಡುವ ಸಹೋದ್ಯೋಗಿಯನ್ನು ಕರೆತರುವ ಖರ್ಚನ್ನು ಭರಿಸಲು ಇದರಿಂದ ಸಾಧ್ಯವಾಗಿಲ್ಲ, ಹಿಂದಿನ ಎರಡು ದಿನಾಂಕಗಳಲ್ಲಿ ಹಾಜರಾಗದಿರಲು ಇದೇ ಕಾರಣ. ವಿಚಾರಣೆಯಲ್ಲಿ ಭಾಗವಹಿಸಲು ನಾನು ಸಿದ್ಧನಿದ್ದೇನೆ. ಬಾಕಿ ಭತ್ಯೆ ಪಾವತಿಯಾಗುವವರೆಗೆ ವಿಚಾರಣೆಯನ್ನು ಮುಂದೂಡಬೇಕು, ಅಥವಾ ಕಾರ್ಖಾನೆಯ ಆವರಣದಲ್ಲಿಯೇ ನಡೆಸಬೇಕು ಎಂದು ಕೋರುತ್ತೇನೆ.’ ಕೊನೆಯ ಕೋರಿಕೆ ಮುಖ್ಯವಾದದ್ದು. ಕಾರ್ಖಾನೆ ಮುಧೋಳದಲ್ಲಿ, ಸಾಕ್ಷಿಗಳೂ ಅಲ್ಲಿಯವರೇ ಆಗಿರುವಾಗ ವಿಚಾರಣೆ ಬೆಳಗಾವಿಯಲ್ಲೇ ಏಕೆ ನಡೆಯಬೇಕೆಂಬ ಪ್ರಶ್ನೆಗೆ ಅವರು ಉತ್ತರ ಕೊಡಬೇಕಾಗುತ್ತದೆ. ನೀವು ಬರಲು ಸಿದ್ಧರಿದ್ದೀರಿ ಎಂಬುದೂ ಅದರಿಂದ ತಿಳಿಯುತ್ತದೆ.

ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಪತ್ರದ ಪ್ರತಿಗೆ ಪಿನ್ನು ಮಾಡಿ ಇಡಿ. ಅದೇ ಪತ್ರದ ಪ್ರತಿ, ಪಾಸ್‌ಬುಕ್ಕಿನ ಆ ಪುಟಗಳು, ಅಮಾನತು ಆದೇಶ ಮತ್ತು ಫೆಬ್ರವರಿಯ ವೇತನ ಚೀಟಿಯನ್ನು ಲಗತ್ತಿಸಿ ಬಾಗಲಕೋಟೆಯ ಕಾರ್ಮಿಕ ಅಧಿಕಾರಿಗಳಿಗೆ ಬಾಕಿ ವಸೂಲಿಗಾಗಿ ಪ್ರತ್ಯೇಕ ಅರ್ಜಿ ಕೊಡಿ. ಅಲ್ಲಿ ಇತ್ಯರ್ಥವಾಗದಿದ್ದರೆ ವಿವಾದ ಕಾರ್ಮಿಕ ನ್ಯಾಯಾಲಯ ಅಥವಾ ನ್ಯಾಯಮಂಡಳಿಯ ಮುಂದೆ ಹೋಗುತ್ತದೆ. ಕಾರ್ಖಾನೆಯವರು ನಡುವೆ ಒಂದಿಷ್ಟು ಹಣ ಹಾಕಿದರೆ ತೆಗೆದುಕೊಳ್ಳಿ, ಆದರೆ ‘ಬಾಕಿಯ ಹಕ್ಕನ್ನು ಕಾಯ್ದಿರಿಸಿಕೊಂಡು ಸ್ವೀಕರಿಸಿದ್ದೇನೆ’ ಎಂದು ಅಂದೇ ಬರೆದು ತಿಳಿಸಿ. ‘ಪೂರ್ಣ ಪಾವತಿಯಾಗಿದೆ’ ಎಂದು ಅಚ್ಚಾದ ವೋಚರಿನ ಮೇಲೆ ಸುಮ್ಮನೆ ಸಹಿ ಹಾಕಬೇಡಿ.

ಹಣ ಬಂದ ಮೇಲೆ ಮುಂದಿನ ತಾರೀಖಿಗೆ ತಪ್ಪದೆ ಹೋಗಿ. ಅಷ್ಟರಲ್ಲಿ ನಿಮ್ಮ ಗೈರಿನಲ್ಲಿ ಸಾಕ್ಷಿಗಳ ಹೇಳಿಕೆ ಮುಗಿದಿದ್ದರೆ, ಅಂದು ಮೊದಲ ಮಾತಾಗಿ ಆ ಹೇಳಿಕೆಗಳ ಪ್ರತಿಯನ್ನು ಕೇಳಿ, ಆ ಸಾಕ್ಷಿಗಳನ್ನು ಪಾಟೀ ಸವಾಲಿಗಾಗಿ ಮತ್ತೆ ಕರೆಸಬೇಕೆಂದು ಅರ್ಜಿ ಕೊಡಿ. ವಿಚಾರಣಾಧಿಕಾರಿ ನಿರಾಕರಿಸಿದರೆ ಆ ನಿರಾಕರಣೆಯನ್ನು ನಡಾವಳಿಯಲ್ಲಿ ಬರೆಯುವಂತೆ ಕೋರಿ. ಅವರು ಬರೆಯದಿದ್ದರೆ, ಆ ದಿನದ ಹಾಳೆಯಲ್ಲಿ ನಿಮ್ಮ ಸಹಿಯ ಮೇಲ್ಗಡೆ ನೀವೇ ಬರೆಯಿರಿ.