ರಾಗಿ ಸರಿ ಕೊಟ್ಟರೂ ಮಗುವಿನ ತೂಕ ಏರದಿದ್ದರೆ

ಪ್ರಶ್ನೆ: ನಮ್ಮೂರು ಮದ್ದೂರು ಹತ್ತಿರ. ಮಗಳಿಗೆ ಏಳೂವರೆ ತಿಂಗಳು. ಆರು ತುಂಬಿದಾಗಿನಿಂದ ರಾಗಿ ಸರಿ ಕೊಡುತ್ತಿದ್ದೇನೆ. ಎರಡು ಟೀ ಚಮಚ ಹಿಟ್ಟು, ಒಂದು ಲೋಟ ನೀರು, ಒಂದು ಚಮಚ ಬೆಲ್ಲ, ಬಾಟಲಿಯಲ್ಲಿ ದಿನಕ್ಕೆ ಎರಡು ಸಲ. ಎದೆಹಾಲೂ ಇದೆ. ಆದರೂ ಒಂದೂವರೆ ತಿಂಗಳಲ್ಲಿ ತೂಕ 6.8 ಕೆ.ಜಿ.ಯಿಂದ 6.9ಕ್ಕೆ ಬಂದಿದೆ ಅಷ್ಟೇ. ಗಟ್ಟಿ ಕೊಟ್ಟರೆ ಜೀರ್ಣ ಆಗಲ್ಲ ಅಂತಾರೆ ಅತ್ತೆ. ರಾಗಿ ಬಿಟ್ಟು ಡಬ್ಬಿ ಪುಡಿಗೆ ಹೋಗಲಾ?

ರಾಗಿ ಬಿಡಬೇಡಿ, ನೀರು ಕಡಿಮೆ ಮಾಡಿ. ನಾನು ಮೈಸೂರಿನಲ್ಲಿ ಮಕ್ಕಳ ಕ್ಲಿನಿಕ್ ಒಂದರಲ್ಲಿ ಊಟದ ಸಲಹೆ ಕೊಡುವ ಕೆಲಸ ಮಾಡುತ್ತೇನೆ. ತೂಕ ನಿಂತಿದೆ ಎಂದು ಬರುವ ತಾಯಂದಿರಲ್ಲಿ ಬಹಳ ಜನ ಹೇಳುವ ಸರಿಯ ಅಳತೆ ಹೆಚ್ಚುಕಡಿಮೆ ನಿಮ್ಮದೇ.

ನಿಮ್ಮ ಬಾಟಲಿಯಲ್ಲಿ ಏನಿದೆ ಅಂತ ಲೆಕ್ಕ ಹಾಕೋಣ. ಎರಡು ಟೀ ಚಮಚ ತುಂಬ ಹಿಟ್ಟು ಅಂದರೆ ಸುಮಾರು 10 ಗ್ರಾಂ, ಅದರಿಂದ ಸಿಗುವುದು 32 ಕ್ಯಾಲೊರಿ. ಬೆಲ್ಲದಿಂದ ಇನ್ನೊಂದು 20. ಒಟ್ಟು 50ರ ಆಸುಪಾಸು. ಕುದಿದು ಉಳಿಯುವ 150 ಮಿ.ಲೀ. ಸರಿಯಷ್ಟೇ ಎದೆಹಾಲು ಕುಡಿದಿದ್ದರೆ ಮಗುವಿಗೆ ಸುಮಾರು 100 ಕ್ಯಾಲೊರಿ ಸಿಗುತ್ತಿತ್ತು. ಆರೇಳು ಕೆ.ಜಿ. ಮಗುವಿನ ಹೊಟ್ಟೆ ಹಿಡಿಯುವುದೇ ಒಂದು ಸಲಕ್ಕೆ ಸುಮಾರು 200 ಮಿ.ಲೀ. ಅದರ ಮುಕ್ಕಾಲು ಪಾಲು ಈ ಗಂಜಿಯಿಂದ ತುಂಬಿದರೆ ಮಗು ಎದೆಹಾಲು ಕಡಿಮೆ ಕುಡಿಯುತ್ತದೆ. ಊಟ ಶುರು ಮಾಡಿದ ಮೇಲೆ ತೂಕ ನಿಂತುಹೋಯಿತು ಅನ್ನುವುದರ ಗುಟ್ಟು ಬಹುತೇಕ ಇದೇ. ಆರರಿಂದ ಎಂಟು ತಿಂಗಳ ಮಗುವಿಗೆ ಎದೆಹಾಲಿನ ಜೊತೆಗೆ ಊಟದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ನಿಮ್ಮ ಎರಡು ಬಾಟಲಿ ಸೇರಿ ಅದರ ಅರ್ಧ.

ನಿಮ್ಮ ಅತ್ತೆಯವರ ಮಾತಿನ ಹಿಂದೆ ಒಂದು ಕಾರಣ ಇದೆ. ಮಾಮೂಲಿ ರಾಗಿ ಹಿಟ್ಟು ಸ್ವಲ್ಪ ಹಾಕಿದರೂ ಬೇಯುವಾಗ ನೀರು ಹೀರಿ ಮುದ್ದೆ ಕಟ್ಟುತ್ತದೆ. ಮಗು ಅದನ್ನು ನುಂಗಲು ತಿಣುಕುತ್ತದೆ, ಹಿರಿಯರು ನೀರು ಬೆರೆಸುತ್ತಾರೆ. ಇದಕ್ಕೆ ನಮ್ಮ ಕಡೆ ಹಳೆಯ ಉಪಾಯವೇ ಇದೆ, ಮೊಳಕೆ ರಾಗಿ. ಮೊಳಕೆ ಒಡೆಯುವಾಗ ಕಾಳಿನಲ್ಲಿ ಪಿಷ್ಟವನ್ನು ಕತ್ತರಿಸುವ ಕಿಣ್ವ ಹುಟ್ಟುತ್ತದೆ. ಹಾಗಾಗಿ ಆ ಹಿಟ್ಟನ್ನು ಹೆಚ್ಚು ಹಾಕಿದರೂ ಸರಿ ಅಂಟಂಟಾಗದೆ ಮೆತ್ತಗಿರುತ್ತದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ಮೊಳಕೆ ರಾಗಿ, ಹೆಸರುಕಾಳು ಸೇರಿಸಿ ಇಂಥದ್ದೇ ಶಿಶು ಆಹಾರ ರೂಪಿಸಿ 1982ರಲ್ಲೇ ಪ್ರಕಟಿಸಿದ್ದಾರೆ. ಡಬ್ಬಿಗೆ ದುಡ್ಡು ಸುರಿಯುವ ಮೊದಲು ಇದನ್ನು ಮಾಡಿ ನೋಡಿ.

ರಾಗಿ ಚೆನ್ನಾಗಿ ತೊಳೆದು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಒಂದೆರಡು ದಿನದಲ್ಲಿ ಬಿಳಿ ಮೊಳಕೆ ಬರುತ್ತದೆ. ಲೋಳೆಯಾಗಿದ್ದರೆ, ಹುಳಿ ವಾಸನೆ ಬಂದರೆ ಎಸೆಯಿರಿ, ತೊಳೆದು ಉಳಿಸಿಕೊಳ್ಳಲು ಹೋಗಬೇಡಿ. ಕಾಳು ಹಲ್ಲಿಗೆ ಕಟಕ್ ಅನ್ನುವವರೆಗೆ ಬಿಸಿಲಲ್ಲಿ ಒಣಗಿಸಿ, ಒಣಗಿದ ಮೊಳಕೆ ಉಜ್ಜಿ ಕೇರಿ. ಮಳೆಗಾಲದಲ್ಲಿ ಅರೆಬರೆ ಒಣಗಿದ್ದು ಬೂಷ್ಟು ಹಿಡಿಯುತ್ತದೆ, ಆಗ ಮಾಡದಿರುವುದೇ ಮೇಲು. ಕೊನೆಗೆ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಗಮ್ಮೆಂದ ಕೂಡಲೇ ಇಳಿಸಿ. ಕಪ್ಪಾಗುವಂತೆ ಹುರಿದರೆ ಆ ಕಿಣ್ವ ಸಾಯುತ್ತದೆ, ಮೊಳಕೆ ಬರಿಸಿದ್ದು ದಂಡ. ಮಿಲ್ಲಿನಲ್ಲಿ ಮೆಣಸಿನಪುಡಿ ಮಾಡಿಸಿದವರ ಹಿಂದೆಯೇ ನಿಮ್ಮ ರಾಗಿ ಹಾಕಿಸಬೇಡಿ. ಹಿಟ್ಟನ್ನು ಬಟ್ಟೆಯಲ್ಲಿ ಸೋಸುವುದೂ ಬೇಡ. ರಾಗಿಯ ಸುಣ್ಣದಂಶ ಹೆಚ್ಚಾಗಿರುವುದೇ ಸಿಪ್ಪೆಯಲ್ಲಿ, ಸಣ್ಣ ಜರಡಿ ಸಾಕು.

ಒಂದು ದಿನದ ಸರಿಗೆ ಮೊಳಕೆ ರಾಗಿ ಹಿಟ್ಟು 20 ಗ್ರಾಂ, ಅಂದರೆ ಸಾರು ಬಡಿಸುವ ದೊಡ್ಡ ಚಮಚದಲ್ಲಲ್ಲ, ನಿಮ್ಮದೇ ಟೀ ಚಮಚದಲ್ಲಿ ನಾಲ್ಕು ತುಂಬ. ಹುರಿದು ಪುಡಿ ಮಾಡಿದ ಹೆಸರುಬೇಳೆ ಎರಡು ಚಮಚ. ಇವನ್ನು ಒಂದು ಲೋಟ ತಣ್ಣೀರಿನಲ್ಲಿ ಕದಡಿ, ಆಮೇಲೆ ಒಲೆ ಹಚ್ಚಿ. ಕುದಿಯುವ ನೀರಿಗೆ ಹಿಟ್ಟು ಸುರಿದರೆ ಗಂಟಾಗುತ್ತದೆ, ಕಿಣ್ವಕ್ಕೆ ಕೆಲಸ ಮಾಡಲು ಸಮಯವೂ ಸಿಗುವುದಿಲ್ಲ. ಸಣ್ಣ ಉರಿಯಲ್ಲಿ ನಿಧಾನಕ್ಕೆ ಬಿಸಿಯಾಗಿ, ಕುದಿ ಬಂದ ಮೇಲೆ ಇನ್ನೂ ಹತ್ತು ನಿಮಿಷ ಬೇಯಲಿ. ಮೊಳಕೆಯ ಜೊತೆ ರೋಗಾಣುಗಳೂ ಬೆಳೆದಿರಬಹುದು, ಅರೆಬೆಂದದ್ದು ಕೊಡಬಾರದು. ಇಳಿಸಿ ಒಂದು ಚಮಚ ತುಪ್ಪ ಹಾಕಿ. ಎಲ್ಲ ಸೇರಿ ಸುಮಾರು 140 ಕ್ಯಾಲೊರಿ. ಚಮಚ ಓರೆ ಮಾಡಿದರೆ ಸರಿ ನಿಧಾನಕ್ಕೆ ಜಾರಬೇಕು, ನೀರಿನಂತೆ ಸುರಿಯಬಾರದು. ಇದನ್ನು ಒಂದೇ ಹೊತ್ತಿಗೆ ಮುಗಿಸಲೇಬೇಕು ಅಂತಿಲ್ಲ. ಈ ವಯಸ್ಸಿಗೆ ಒಂದು ಊಟಕ್ಕೆ ಅರ್ಧ ಬಟ್ಟಲು ಸಾಕು, ಮಗು ಬಾಯಿ ಮುಚ್ಚಿಕೊಂಡರೆ ನಿಲ್ಲಿಸಿ. ಆದರೆ ಉಳಿದದ್ದನ್ನು ಸಂಜೆಗೆ ಇಡಬೇಡಿ. ಅರ್ಧ ಅರ್ಧ ಅಳತೆಯಲ್ಲಿ ಎರಡು ಸಲ ಮಾಡಿಕೊಂಡರೆ ಆಯಿತು. ಮಧ್ಯಾಹ್ನ ಇನ್ನೊಂದು ಹೊತ್ತು ಬೇಳೆ, ತರಕಾರಿ, ಅನ್ನ ಮೆತ್ತಗೆ ಬೇಯಿಸಿ ಕಿವುಚಿ ತುಪ್ಪ ಹಾಕಿ ಕೊಟ್ಟರೆ 200 ದಾಟುತ್ತದೆ.

ಬಾಟಲಿ ಇವತ್ತೇ ತೆಗೆದಿಡಿ. ಬಾಟಲಿಯಲ್ಲಿ ಹೋಗಬೇಕು ಅಂತಲೇ ಸರಿ ತೆಳ್ಳಗಾಗುವುದು, ನಿಪ್ಪಲ್ಲಿನ ಸಂದಿಯಲ್ಲಿ ಉಳಿದ ಹಿಟ್ಟು ಭೇದಿಗೂ ದಾರಿ. ಬಟ್ಟಲು, ಚಮಚ ಸಾಕು. ಮೊದಮೊದಲು ನಾಲಿಗೆಯಿಂದ ಹೊರಗೆ ತಳ್ಳುತ್ತದೆ, ಅದು ಬೇಡ ಅನ್ನುವುದಲ್ಲ, ಚಮಚ ಅಭ್ಯಾಸವಿಲ್ಲದ್ದು.

ಬೆಲ್ಲವನ್ನೂ ಬಿಡಿ. ಮಂಡ್ಯದವರಿಗೆ ಬೆಲ್ಲ ಬೇಡ ಅಂದರೆ ಬೇಜಾರಾಗಬಹುದು, ಆದರೂ ವರ್ಷ ತುಂಬುವವರೆಗೆ ಬೆಲ್ಲ, ಸಕ್ಕರೆ, ಉಪ್ಪು ಯಾವುದೂ ಬೇಕಿಲ್ಲ. ಸಿಹಿ ಬೇಕಿದ್ದರೆ ಬಾಳೆಹಣ್ಣು ಕಿವುಚಿ ಹಾಕಿ. ಜೇನುತುಪ್ಪವಂತೂ ಒಂದು ವರ್ಷದೊಳಗೆ ನಾಲಿಗೆಗೆ ಸವರುವುದೂ ಬೇಡ, ಅದರಲ್ಲಿರಬಹುದಾದ ಬೀಜಾಣುಗಳು ಎಳೆ ಕರುಳಿನಲ್ಲಿ ವಿಷ ಬಿಡುಗಡೆ ಮಾಡಬಲ್ಲವು.

ಸರಿ ಎಷ್ಟೇ ಚೆನ್ನಾಗಿದ್ದರೂ ಕಬ್ಬಿಣದ ಅಂಶಕ್ಕೆ ರಾಗಿಯೊಂದನ್ನೇ ನೆಚ್ಚಿಕೊಳ್ಳಲಾಗದು. ಹುಟ್ಟುವಾಗ ತಂದ ಕಬ್ಬಿಣ ಆರು ತಿಂಗಳ ಹೊತ್ತಿಗೆ ಕರಗಿರುತ್ತದೆ, ಎದೆಹಾಲಿನಲ್ಲಿರುವುದು ಬಹಳ ಕಡಿಮೆ, ರಾಗಿಯಲ್ಲಿರುವುದೂ ಮೈಗೆ ಹತ್ತುವುದು ಅಲ್ಪ. ನೀವು ಮಾಂಸಾಹಾರಿಗಳಾದರೆ ಪೂರ್ತಿ ಬೆಂದ ಮೊಟ್ಟೆಯನ್ನು ಈಗಲೇ ಶುರು ಮಾಡಿ, ಕೋಳಿ ಮಾಂಸ ಬೇಯಿಸಿ ನುಣ್ಣಗೆ ಅರೆದು ಅನ್ನದಲ್ಲಿ ಕಲಸಿ. ಬರೀ ಸಾರಿನ ತಿಳಿಯಲ್ಲಿ ಕಬ್ಬಿಣ ಇಳಿಯುವುದಿಲ್ಲ. ಸಸ್ಯಾಹಾರಿಗಳಾದರೆ ಬೇಳೆ, ಸೊಪ್ಪಿನ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ. ಜೊತೆಗೆ ಸರ್ಕಾರದ ಕಬ್ಬಿಣದ ಸಿರಪ್ಪನ್ನು ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಿರಿ. ಆರು ತಿಂಗಳ ನಂತರ ವಾರಕ್ಕೆ ಎರಡು ಸಲ, ಒಂದೊಂದು ಮಿ.ಲೀ. ಮಲ ಕಪ್ಪಾದರೆ ಗಾಬರಿ ಬೇಡ.

ಎರಡು ವಾರ ಹೀಗೆ ಮಾಡಿ ಅಂಗನವಾಡಿಯಲ್ಲಿ ಅದೇ ತಕ್ಕಡಿಯಲ್ಲಿ ತೂಗಿಸಿ, ತಾಯಿ ಕಾರ್ಡಿನ ಗೆರೆಯ ಮೇಲೆ ಗುರುತು ಹಾಕಿಸಿ. ಈ ವಯಸ್ಸಿನ ಹೆಣ್ಣು ಮಗು ತಿಂಗಳಿಗೆ ಸುಮಾರು 300 ಗ್ರಾಂ ಏರುತ್ತದೆ, ಹಾಗಾಗಿ ಎರಡು ವಾರದಲ್ಲಿ 150 ಗ್ರಾಂ ಆಸುಪಾಸು ಏರಿಕೆ ಕಾಣಬೇಕು. ಏನೂ ಏರದಿದ್ದರೆ, ಅಥವಾ ಅಂಗೈ ಬಿಳಿಚಿಕೊಂಡಿದ್ದರೆ, ಜ್ವರ, ಭೇದಿ ಇದ್ದರೆ ಸರಿಯ ಅಳತೆ ತಿದ್ದುತ್ತಾ ಕೂರಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.