ಶೆಡ್ಡಿನ ಟ್ರಸ್‌ಗೆ ಪರ್ಲಿನ್ ಎಷ್ಟು ಅಡಿಗೊಂದು?

ಪ್ರಶ್ನೆ: ಉಡುಪಿ ಹತ್ತಿರ 40 ಅಡಿ ಅಗಲದ ವರ್ಕ್‌ಶಾಪ್ ಕಟ್ಟಿಸ್ತಾ ಇದ್ದೇನೆ. ಸೀಲಿಂಗ್ ಇಲ್ಲ, ಸ್ಟೀಲ್ ಟ್ರಸ್ ಕೆಳಗಿನಿಂದ ಪೂರ್ತಿ ಕಾಣುತ್ತದೆ. ಪರ್ಲಿನ್ 4 ಅಡಿಗೊಂದು ಹಾಕಿಸಬೇಕಾ, 5 ಅಡಿಗೊಂದು ಸಾಕಾ?

ಉತ್ತರ: ನಾಲ್ಕೂ ಅಲ್ಲ, ಐದೂ ಅಲ್ಲ. ಟ್ರಸ್ಸಿನ ಪೈಪುಗಳು ಸೇರುವ ಜಾಯಿಂಟ್ ಎಲ್ಲಿದೆಯೋ, ಶೀಟ್ ಹೊರುವ ಅಡ್ಡ ತೊಲೆಯಾದ ಪರ್ಲಿನ್ ಅಲ್ಲಿಗೇ ಬರಬೇಕು. ನಾನು ಇದನ್ನು ಕಲಿತದ್ದು ಮಂಗಳೂರಿನ ಬೈಕಂಪಾಡಿಯ ನನ್ನ ಶೆಡ್ಡಿನಲ್ಲಿ, ದುಡ್ಡು ಕಳೆದುಕೊಂಡು.

ಅಗಲ 12 ಮೀಟರ್, ನಡುವಿನ ಎತ್ತರ 2.4 ಮೀಟರ್, 4.5 ಮೀಟರಿಗೊಂದು ಟ್ರಸ್. ಮಾಡಿನ ಒಂದು ಇಳಿಜಾರಿನ ಉದ್ದ 6.46 ಮೀಟರ್. ಅದನ್ನು ಐದು ಪಾಲು ಮಾಡಿ 1.29 ಮೀಟರಿಗೊಂದು ಜಾಯಿಂಟ್ ಇಟ್ಟಿದ್ದರು. ಮೇಲಿನ ರಾಫ್ಟರ್ 50×50×3 ಚೌಕ ಪೈಪ್. ಲೆಕ್ಕದಲ್ಲಿ ಇದೆಲ್ಲ ಸರಿಯಾಗಿಯೇ ಇತ್ತು. ಆದರೆ ಶೀಟ್ ಹಾಕುವವರು ಬಂದು, ಮೇಲಿನಿಂದ ಟೇಪ್ ಹಿಡಿದು 1.5 ಮೀಟರಿಗೊಂದು ಗುರುತು ಹಾಕಿದರು. ಶೀಟಿಗೆ ಅಷ್ಟು ಅಂತರ ಸಾಕಾಗುತ್ತದೆ ಎಂಬ ಅವರ ಮಾತು ಸುಳ್ಳಲ್ಲ. ಅಂತರ ಸಾಕಾಗುತ್ತದೋ ಎಂದಷ್ಟೇ ಕೇಳಿ ನಾನೂ ಒಪ್ಪಿದೆ. ತಪ್ಪು ಅಲ್ಲೇ ಆದದ್ದು.

ನೀವೇ ಅಳೆದು ನೋಡಿ. ಶಿಖರದಿಂದ ಪರ್ಲಿನ್‌ಗಳು 0, 1.5, 3.0, 4.5, 6.0 ಮೀಟರಿಗೆ ಬಂದವು. ಜಾಯಿಂಟ್‌ಗಳಿದ್ದದ್ದು 1.29, 2.58, 3.87, 5.16ಕ್ಕೆ. ಅಂದರೆ ನಾಲ್ಕನೇ ಪರ್ಲಿನ್ ಎರಡು ಜಾಯಿಂಟ್‌ಗಳ ಸರೀ ನಡುವೆ ಕೂತಿತು. ಟ್ರಸ್ಸಿನ ಪೈಪ್ ಉದ್ದಕ್ಕೆ ಒತ್ತುವ ಅಥವಾ ಎಳೆಯುವ ಬಲ ಹೊರಲಿಕ್ಕೆ ಇರುವುದು, ನಡುವೆ ಭಾರ ಬಿದ್ದರೆ ಅದು ತೊಲೆಯ ಹಾಗೆ ಬಾಗಬೇಕಾಗುತ್ತದೆ. ನನ್ನ ರಾಫ್ಟರಿನಲ್ಲಿ ಪೂರ್ತಿ ಭಾರಕ್ಕೆ ಉದ್ದದ ಒತ್ತಡ ಚ.ಮಿ.ಮೀ.ಗೆ 80-90 ನ್ಯೂಟನ್ ಬರುತ್ತದೆ, ಅದಕ್ಕೆ ಆ ಪೈಪ್ ಸಾಕು. ನಡುವೆ ಕೂತ ಪರ್ಲಿನ್ ಇಳಿಸುವ ಸುಮಾರು 500 ಕೆಜಿ ಭಾರ ಇನ್ನೂ 100 ನ್ಯೂಟನ್‌ನಷ್ಟು ಬಾಗುವ ಒತ್ತಡ ಸೇರಿಸಿತು. ಒಟ್ಟು ಒತ್ತಡ ಎರಡು ಪಟ್ಟಿಗೂ ಹೆಚ್ಚು. ಶೀಟ್ ಹೊಡೆಯುವ ದಿನ ಒಂದು ಕಟ್ಟು ಶೀಟನ್ನು ಅಲ್ಲೇ ಪೇರಿಸಿ ಇಬ್ಬರು ಹತ್ತಿ ನಿಂತರು. ಕೆಳಗಿನಿಂದ ರಾಫ್ಟರಿಗೆ ನೂಲು ಹಿಡಿದಾಗ ಎರಡು ಜಾಯಿಂಟ್‌ಗಳ ನಡುವೆ 7 ಮಿ.ಮೀ. ಬಾಗು ಕಂಡಿತು. ಭಾರ ಇಳಿಸಿದ ಮೇಲೂ ಅದು ಹೋಗಲಿಲ್ಲ. ಪರ್ಲಿನ್ ಬಿಚ್ಚಿ ಜಾಯಿಂಟಿಗೆ ಸರಿಸಿದೆವು. ಆದರೆ ಹಳೆ ಸ್ಕ್ರೂ ತೂತುಗಳ ಸಾಲು ಶೀಟಿನಲ್ಲಿ ಹಾಗೇ ಉಳಿಯಿತು. ನಮ್ಮ ಜೂನ್-ಜುಲೈ ಮಳೆಗೆ ತೂತು ಮುಚ್ಚುವ ಸೀಲೆಂಟ್ ನಂಬುವ ಹಾಗಿಲ್ಲ, ಹೊಸ ಶೀಟೇ ಹಾಕಿಸಬೇಕಾಯಿತು.

ಹಾಗಾಗಿ ಮೊದಲು ಶೀಟಿಗೆ ಎಷ್ಟು ಅಂತರ ನಡೆಯುತ್ತದೆ ಎಂದು ಕೇಳಿ, ಇಳಿಜಾರಿನ ಉದ್ದವನ್ನು ಅದಕ್ಕಿಂತ ಸ್ವಲ್ಪ ಕಡಿಮೆಯ ಸಮಪಾಲು ಮಾಡಿ, ಟ್ರಸ್ಸಿನ ಜಾಯಿಂಟ್ ಅಲ್ಲಿಗೇ ಇಡಿಸಿ. ವೆಲ್ಡಿಂಗ್ ಶುರುವಾಗುವ ಮೊದಲೇ ಪ್ರತಿ ಜಾಯಿಂಟಿನ ಮೇಲೆ ಪರ್ಲಿನ್ ಕೂರುವ ಆಂಗಲ್ ತುಂಡು ಬೆಸೆದಿಡಲು ಹೇಳಿ. ಆಮೇಲೆ ಯಾರು ಟೇಪ್ ಹಿಡಿದರೂ ಜಾಗ ತಪ್ಪುವುದಿಲ್ಲ. ಜಾಯಿಂಟಿನಲ್ಲಿ ಓರೆ ಪೈಪುಗಳ ನಡುಗೆರೆ ರಾಫ್ಟರಿನ ನಡುಗೆರೆಯ ಮೇಲೆ ಒಂದೇ ಬಿಂದುವಿಗೆ ಬರಬೇಕು. ನೆಲದ ಮೇಲೆ ಚಾಕ್‌ನಲ್ಲಿ ಟ್ರಸ್ ಪೂರ್ತಿ ಬರೆದು ಅದರ ಮೇಲೆ ಪೈಪ್ ಇಟ್ಟು ಬೆಸೆದರೆ ಇದು ತಾನಾಗಿ ಬರುತ್ತದೆ. ಕಡಲ ಗಾಳಿ ಒಳಗಿನಿಂದ ಪೈಪ್ ತಿನ್ನದ ಹಾಗೆ ತೆರೆದ ತುದಿಗಳಿಗೆಲ್ಲ ಮುಚ್ಚಳ ಬೆಸೆಯಿಸಿ.

ನೀವು ಕೇಳದ ಇನ್ನೊಂದು ಸಂಗತಿ ಗಾಳಿ. ಕಟ್ಟಡದ ಭಾರ-ಗಾಳಿಗಳ ಭಾರತೀಯ ಮಾನದಂಡ ಐಎಸ್ 875ರಲ್ಲಿ ಮಂಗಳೂರಿಗೆ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಚ.ಮೀ.ಗೆ ಸುಮಾರು 90 ಕೆಜಿ ಒತ್ತಡ. ಶೀಟ್ ಮಾಡಿನ ಸ್ವಂತ ಭಾರ 25 ಕೆಜಿ ದಾಟುವುದೇ ಕಷ್ಟ. ಎರಡೂ ಬದಿ ತೆರೆದ ಶೆಡ್ಡಿನಲ್ಲಿ ಗಾಳಿ ಮಾಡನ್ನು ಮೇಲೆ ಎತ್ತುತ್ತದೆ, ಆಗ ಸದಾ ಎಳೆತದಲ್ಲಿರುವ ಕೆಳಗಿನ ಪೈಪ್ ಒತ್ತಡಕ್ಕೆ ತಿರುಗುತ್ತದೆ. 12 ಮೀಟರ್ ಉದ್ದಕ್ಕೆ ಬದಿಯಲ್ಲಿ ಹಿಡಿತವಿಲ್ಲದಿದ್ದರೆ ಅದು ಪಕ್ಕಕ್ಕೆ ಬಾಗಿ ಹೋಗುತ್ತದೆ. ಒಂದು ತುದಿಯಿಂದ 3.6, 6.0, 8.4 ಮೀಟರಿನ ಜಾಯಿಂಟ್‌ಗಳಲ್ಲಿ ಟ್ರಸ್ಸಿನಿಂದ ಟ್ರಸ್ಸಿಗೆ ಉದ್ದಕ್ಕೆ ಪೈಪ್ ಹಾಯಿಸಿ, ಎರಡೂ ಕೊನೆಯ ಅಂಕಣಗಳಲ್ಲಿ ಅಡ್ಡ ಕತ್ತರಿ ಕಟ್ಟಿಸಿ. ಕೊಟೇಶನ್ ಇಳಿಸಲು ಮೊದಲು ಕೈಬಿಡುವುದು ಈ ಪೈಪುಗಳನ್ನೇ. ನಿಮ್ಮ ಕೊಟೇಶನ್ನಿನಲ್ಲಿ ಅವು ಇವೆಯೋ ಎಂದು ಇವತ್ತೇ ನೋಡಿ.