ತಲೆಗೆ ಪೆಟ್ಟಿಲ್ಲ ಅಂತ ಬರೆದುಬಿಟ್ಟಿದ್ದೆ

"ನೈಟ್ ಡ್ಯೂಟಿಯಲ್ಲಿ ರೋಗಿ ಮಂಚದಿಂದ ಬಿದ್ದರು, ಗಾಯವೇನೂ ಇಲ್ಲ. ತಪ್ಪು ನನ್ನ ಮೇಲೆ ಬರದ ಹಾಗೆ ರಿಪೋರ್ಟ್ ಹೇಗೆ ಬರೆಯಲಿ? ಮನೆಯವರಿಗೆ ಬೆಳಿಗ್ಗೆ ಹೇಳಿದರೆ ಸಾಕಾ?"

ಸಾಲದು. ನಾನು ಹಾಗೇ ಮಾಡಿ ಅನುಭವಿಸಿದ್ದೇನೆ.

ಕಾರವಾರದ ಕಡೆಯ ಒಂದು ಸಣ್ಣ ಆಸ್ಪತ್ರೆ, ಜೋರು ಮಳೆಗಾಲ. ರಾತ್ರಿ 2.40ಕ್ಕೆ ಧಡ್ ಅಂತ ಸದ್ದಾಯಿತು. ಓಡಿದೆ. ಅಂಕೋಲೆ ಕಡೆಯ ಅಜ್ಜ ಮಂಚದ ಪಕ್ಕ ನೆಲದ ಮೇಲಿದ್ದರು. "ಏನೂ ಆಗ್ಲಿಲ್ಲ ತಂಗಿ, ಉಚ್ಚೆಗೆ ಹೊರಟಿದ್ದೆ" ಅಂದರು. ಆಯಾ ಮತ್ತು ನಾನು ಎತ್ತಿ ಮಲಗಿಸಿದೆವು. ಕುತ್ತಿಗೆ ನೋವಿದೆಯಾ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದೆಯಾ ಅಂತ ನೋಡದೆ ಎತ್ತಬಾರದಿತ್ತು. ಸೊಂಟದ ಮೂಳೆ ಮುರಿದಿರಲಿಲ್ಲ, ಪುಣ್ಯ.

ಬಿಪಿ, ಶುಗರ್ ಸರಿಯಿತ್ತು. ನೋಟ್ಸ್‌ನಲ್ಲಿ "ತಲೆಗೆ ಪೆಟ್ಟಿಲ್ಲ" ಅಂತ ಬರೆದೆ.

ನಾನು ಕೇಳಿದ್ದು ಸದ್ದು ಮಾತ್ರ. ಬಿದ್ದದ್ದನ್ನು ಯಾರೂ ನೋಡಿರಲಿಲ್ಲ. ಬಿದ್ದದ್ದನ್ನು ಯಾರೂ ನೋಡಿಲ್ಲ ಅಂದರೆ ತಲೆಗೆ ಪೆಟ್ಟಾಗಿದೆ ಅಂತಲೇ ಹಿಡಿದು ನಡೆಯಬೇಕು. ಅಜ್ಜನಿಗೆ ಹೃದಯದ ಸ್ಟೆಂಟ್‌ಗೆ ಕ್ಲೋಪಿಡೋಗ್ರೆಲ್ ನಡೀತಿತ್ತು, ರಕ್ತ ಬೇಗ ಹೆಪ್ಪುಗಟ್ಟದ ಹಾಗೆ ಮಾಡುವ ಮಾತ್ರೆ. ಅದು ಚಾರ್ಟಿನಲ್ಲೇ ಇತ್ತು. ಡ್ಯೂಟಿ ಡಾಕ್ಟರಿಗೆ ಫೋನಿನಲ್ಲೂ ನಾನು "ತಲೆಗೆ ಪೆಟ್ಟಿಲ್ಲ ಸರ್" ಅಂದೆ, ಮಾತ್ರೆ ವಿಷಯ ಹೇಳಲಿಲ್ಲ. ಅವರು ಬೆಳಿಗ್ಗೆ ನೋಡ್ತೇನೆ ಅಂದರು. ನಾನೂ ಕಣ್ಣಿನ ಪಾಪೆ ಮತ್ತೆ ನೋಡಲಿಲ್ಲ. ಆ ಒಂದು ಸಾಲು ಎಲ್ಲರನ್ನೂ ಮಲಗಿಸಿಬಿಟ್ಟಿತು.

6 ಗಂಟೆಗೆ ಅಜ್ಜ ವಾಂತಿ ಮಾಡಿದರು. 6.30ಕ್ಕೆ ಮಗನಿಗೆ ಫೋನ್ ಮಾಡಿದೆ. ಅವನು ಬರುವಷ್ಟರಲ್ಲಿ ಅಜ್ಜನ ಮಾತು ತೊದಲುತ್ತಿತ್ತು. ಸಿಟಿ ಸ್ಕ್ಯಾನ್‌ನಲ್ಲಿ ಮಿದುಳಿನ ಮೇಲೆ ರಕ್ತ ಕಂಡಿತು, ಮಣಿಪಾಲಕ್ಕೆ ಕಳಿಸಿದರು. ಬದುಕಿದರು. ಬಿದ್ದದ್ದಕ್ಕೆ ಮಗ ಬೈಯಲಿಲ್ಲ. "ಅಪ್ಪ ಎಲುಬು ಮುರಿದ್ರೂ ಏನೂ ಆಗ್ಲಿಲ್ಲ ಅಂತಾರೆ ಸಿಸ್ಟರ್, ರಾತ್ರಿನೇ ನನ್ನ ಕೇಳಿದ್ರೆ ಹೇಳ್ತಿದ್ದೆ" ಅಂದ.

ಹಾಗಾಗಿ ತಪ್ಪು ಮೇಲೆ ಬರದ ಹಾಗೆ ಬರೆಯುವ ಯೋಚನೆಯೇ ಬಿಡಿ. ಕಂಡದ್ದು ಬರೆಯಿರಿ: "2.40ಕ್ಕೆ ಸದ್ದು ಕೇಳಿ ಹೋದಾಗ ರೋಗಿ ಮಂಚದ ಬಲಕ್ಕೆ ನೆಲದ ಮೇಲಿದ್ದರು. ಬಿದ್ದದ್ದನ್ನು ಯಾರೂ ನೋಡಿಲ್ಲ. ಮೂತ್ರಕ್ಕೆ ಹೊರಟಿದ್ದಾಗಿ ರೋಗಿ ಹೇಳಿದರು. ಬಲಗಡೆ ಸೈಡ್ ರೇಲ್ ಇಳಿದಿತ್ತು." ರೇಲ್ ಎತ್ತಲು ಮರೆತದ್ದು ನೀವೇ ಆದರೂ ಅದು ಇರಲಿ. ಆಮೇಲೆ ಪ್ರಜ್ಞೆ, ಪಾಪೆ, ಕೈಕಾಲಿನ ಬಲ, ಬಿಪಿ, ನಾಡಿ. ಇವನ್ನು ಮೊದಲ 2 ಗಂಟೆ ಅರ್ಧ ಗಂಟೆಗೊಮ್ಮೆ, ನಂತರದ 4 ಗಂಟೆ ಗಂಟೆಗೊಮ್ಮೆ ನೋಡಿ, ಪ್ರತಿ ಸಲ ಸಮಯ ಹಾಕಿ. ಡಾಕ್ಟರಿಗೆ ಎಷ್ಟು ಗಂಟೆಗೆ ಏನು ಹೇಳಿದಿರಿ, ಅವರು ಏನಂದರು ಅನ್ನುವುದೂ ಬೇಕು.

ಮನೆಯವರಿಗೆ ಆಗಲೇ ಫೋನ್ ಮಾಡಿ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ಗೊತ್ತಲ್ವಾ? ಸಿಗದಿದ್ದರೆ "2.55, 3.10, ಮಗ ಸಿಗಲಿಲ್ಲ, 3.20ಕ್ಕೆ ಸೊಸೆಗೆ ತಿಳಿಸಿದೆ" ಅಂತ ಅದನ್ನೂ ಬರೆಯಿರಿ.